ಎಲ್ಲದಕ್ಕೂ ಎಚ್7 ಎಂಬ ರೂಢಿ

ಬೇರಿಂಗಿನ ಪಕ್ಕದಲ್ಲಿ ಕೊರೆದ 6205 ಎಂಬ ನಂಬರನ್ನು ಓದಬಲ್ಲವರು ನಮ್ಮ ಲೇತ್ ಶಾಪ್‌ಗಳಲ್ಲಿ ಬೇಕಾದಷ್ಟಿದ್ದಾರೆ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಬೋರ್ ಸಿಗುತ್ತದೆ. 05 ಅಂದರೆ 25 ಮಿ.ಮೀ. ಈ ಲೆಕ್ಕ 04ರಿಂದ ಮೇಲಕ್ಕೆ ನಡೆಯುತ್ತದೆ. ಕೆಳಗಿನ 00, 01, 02, 03ಕ್ಕೆ 10, 12, 15, 17 ಎಂದು ಬಾಯಿಪಾಠ ಮಾಡಿಕೊಳ್ಳುವುದೇ ದಾರಿ. 608ರಂಥ ಮೂರಂಕಿಯ ಪುಟ್ಟ ಬೇರಿಂಗಿನಲ್ಲಿ ಕೊನೆಯ 8 ನೇರವಾಗಿ ಬೋರ್ ಅಳತೆಯೇ.

ಹೊರವ್ಯಾಸ ಮಾತ್ರ ನಂಬರಿನಲ್ಲಿ ಬಿಡಿಸಿ ಬರೆದಿಲ್ಲ. 6205ರಲ್ಲಿ 6 ಎಂದರೆ ಸಾಮಾನ್ಯ ಬಾಲ್ ಬೇರಿಂಗ್. ಅದರ ಪಕ್ಕದ 2 ಮೈಗಾತ್ರದ ಸರಣಿ. 6005, 6205, 6305 ಮೂರಕ್ಕೂ ಬೋರ್ 25 ಮಿ.ಮೀ., ಹೊರವ್ಯಾಸ ಮಾತ್ರ 47, 52, 62. ಅಗಲ 12, 15, 17. ಇದಕ್ಕೆ ಕೋಷ್ಟಕ ನೋಡಲೇಬೇಕು. ಅಗಲದ ಸರಣಿಯ ಅಂಕಿಯನ್ನು ಈ ಮೂರರಲ್ಲೂ ಬರೆಯದೆ ಬಿಟ್ಟಿರುವುದು ಪದ್ಧತಿಯ ದೊಡ್ಡ ಕುಂದು ಎಂದು ನನ್ನ ಅನಿಸಿಕೆ. 62205 ಎಂದಾಗ ಆ ಅಂಕಿ ಕಾಣಿಸಿಕೊಳ್ಳುತ್ತದೆ, ಅಗಲ 18 ಆಗುತ್ತದೆ. ಫೋನಿನಲ್ಲಿ ಆರ್ಡರ್ ಕೊಡುವಾಗ ಒಂದು ‘2’ ಕಿವಿತಪ್ಪಿದರೆ ಬೇರಿಂಗಿಗೂ ಸರ್‌ಕ್ಲಿಪ್‌ಗೂ ನಡುವೆ ಸಂದು ಉಳಿಯುತ್ತದೆ. ಆದರೂ ಇಷ್ಟು ಚಿಕ್ಕ ನಂಬರಿನಲ್ಲಿ ಇಷ್ಟು ಅಡಗಿಸಿದ ಪದ್ಧತಿಯನ್ನು ಹಳಿಯಲು ಮನಸ್ಸಾಗದು.

ನನ್ನ ತಕರಾರು ನಂಬರಿನ ಮುಂದಿನ ಹೆಜ್ಜೆಯ ಮೇಲೆ. 52 ಸಿಕ್ಕಿತಲ್ಲ, ಹೌಸಿಂಗ್ ಬೋರಿಗೆ ‘52 ಎಚ್7’ ಎಂದು ಡ್ರಾಯಿಂಗಿನಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ. ಎಚ್7 ಅಂದರೆ ಬೋರ್ 52.000ರಿಂದ 52.030ರೊಳಗೆ. ಬೇರಿಂಗಿನ ಹೊರ ರಿಂಗ್ ಸಾಮಾನ್ಯ ದರ್ಜೆಯಲ್ಲಿ 51.987ರಿಂದ 52.000, 52ರ ಮೇಲೆ ಅದು ಹೋಗುವುದೇ ಇಲ್ಲ. ಹಾಗಾಗಿ ಎಚ್7 ಎಂದೂ ಬಿಗಿಯಾಗದು. ಸಡಿಲು ಸೊನ್ನೆಯಿಂದ 43 ಮೈಕ್ರಾನ್‌ವರೆಗೆ ಇರಬಹುದು.

ಮೋಟರಿನ ತುದಿಗೆ ಇದು ಸೊಗಸಾದ ಆಯ್ಕೆ. ಶಾಫ್ಟ್ ತಿರುಗುತ್ತದೆ, ಹೊರ ರಿಂಗ್ ನಿಂತಿರುತ್ತದೆ, ಬೆಲ್ಟಿನ ಎಳೆತ ರಿಂಗಿನ ಒಂದೇ ಜಾಗಕ್ಕೆ ಬೀಳುತ್ತದೆ. ಶಾಫ್ಟ್ ಕಾದು ಉದ್ದವಾದಾಗ ಒಂದು ಕಡೆಯ ಬೇರಿಂಗ್ ಸರಿದು ಜಾಗ ಬಿಡಬೇಕಾದ್ದರಿಂದ ಅಲ್ಲಿ ಸಡಿಲು ಬೇಕೇ ಬೇಕು.

ಅದೇ 6205 ಬೆಲ್ಟ್ ಬಿಗಿಮಾಡುವ ಜಾಕಿ ಪುಲ್ಲಿಯೊಳಗೆ ಕುಳಿತರೆ ಕಥೆ ತಿರುವುಮುರುವು. ಇಲ್ಲಿ ಶಾಫ್ಟ್ ನಿಂತಿದೆ, ಪುಲ್ಲಿಯ ಜೊತೆ ಹೊರ ರಿಂಗ್ ತಿರುಗುತ್ತದೆ. ಬೆಲ್ಟಿನ ಒತ್ತಡ ರಿಂಗಿನ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಬೋರಿಗಿಂತ ರಿಂಗಿನ ಸುತ್ತಳತೆ ಕೊಂಚ ಕಡಿಮೆ ಇರುವುದರಿಂದ ಪ್ರತಿ ಸುತ್ತಿಗೂ ಅದು ಚೂರು ಸರಿಯುತ್ತದೆ. 30 ಮೈಕ್ರಾನ್ ಸಡಿಲಿದ್ದರೆ, ಜಾರದೆ ಬರೀ ಉರುಳಿದರೂ ಸುತ್ತಿಗೆ 0.094 ಮಿ.ಮೀ.; ನಿಮಿಷಕ್ಕೆ 1440 ಸುತ್ತಿನಲ್ಲಿ ಗಂಟೆಗೆ ಎಂಟು ಮೀಟರ್! ಬಿಚ್ಚಿ ನೋಡಿದರೆ ಬೋರ್ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ಇಲ್ಲವೇ ಕಂದು ಪುಡಿ ಉದುರುತ್ತದೆ. ಹೊಸ ಬೇರಿಂಗ್ ಹಾಕಿದರೂ ಕೆಲಸವಿಲ್ಲ, ಸವೆದದ್ದು ಪುಲ್ಲಿ. ಬೋರಿನ ಸುತ್ತ ಸೆಂಟರ್ ಪಂಚ್ ಹೊಡೆದು ಬಿಗಿ ಮಾಡುವ ಉಪಾಯವನ್ನಂತೂ ನಾನು ಒಪ್ಪಲಾರೆ. ಎದ್ದ ಚುಕ್ಕೆಗಳಷ್ಟೇ ರಿಂಗನ್ನು ಹಿಡಿಯುತ್ತವೆ, ರಿಂಗಿನ ದುಂಡು ಕೆಡುತ್ತದೆ.

ಇಲ್ಲಿ ಬರೆಯಬೇಕಾದದ್ದು ಎನ್7. ಬೋರ್ 51.961ರಿಂದ 51.991ರೊಳಗೆ ಬರುತ್ತದೆ; ಕೆಟ್ಟ ಜೋಡಿ ಬಿದ್ದರೂ 4 ಮೈಕ್ರಾನ್ ಮಾತ್ರ ಸಡಿಲು, ಇನ್ನೊಂದು ಅಂಚಿನಲ್ಲಿ 39 ಮೈಕ್ರಾನ್ ಬಿಗಿ. ಭಾರ ಹಗುರವಿದ್ದರೆ ಎಂ7 ಸಾಕು. ಶಾಫ್ಟಿನ ಕಡೆ ಸಡಿಲು ಕೊಡಬಹುದು, ಏಕೆಂದರೆ ನಿಂತ ರಿಂಗ್ ಈಗ ಅದು. ಪ್ರೆಸ್ ಮಾಡುವಾಗ ಒತ್ತು ಹೊರ ರಿಂಗಿನ ಮೇಲಷ್ಟೇ ಬೀಳಬೇಕು. ಒಳ ರಿಂಗನ್ನು ಒತ್ತಿದರೆ ಬಲ ಗುಂಡುಗಳ ಮೂಲಕ ಹಾದು ಹಾದಿಯಲ್ಲಿ ಗುಳಿ ಬೀಳುತ್ತದೆ.

ಎನ್7ಗೂ ಬೆಲೆಯಿದೆ. ಬಿಗಿ ಹಿಡಿದ ರಿಂಗ್ ಕುಗ್ಗುತ್ತದೆ, ಗುಂಡಿನ ಒಳಸಡಿಲನ್ನು ತಿನ್ನುತ್ತದೆ. ಮಾಮೂಲಿ 6205ರಲ್ಲಿ ಆ ಸಡಿಲು 5ರಿಂದ 20 ಮೈಕ್ರಾನ್ ಅಷ್ಟೇ. ಬಿಗಿಯ ಅಂಚಿಗೆ ಹೋದ ಬೋರಿನಲ್ಲಿ ಅದು ಮುಗಿದೇಹೋಗಿ, ಕೈಯಲ್ಲಿ ತಿರುಗಿಸಿದಾಗ ಪುಲ್ಲಿ ತಡೆದು ತಡೆದು ತಿರುಗುತ್ತದೆ. 13ರಿಂದ 28 ಮೈಕ್ರಾನ್ ಸಡಿಲಿರುವ ಸಿ3 ಬೇರಿಂಗ್ ಇದಕ್ಕೇ ಇರುವುದು. ಆದ್ದರಿಂದ ಜಾಕಿ ಪುಲ್ಲಿಯ ಡ್ರಾಯಿಂಗಿನಲ್ಲಿ 52 ಎನ್7 ಎಂದು ಬರೆದವರು ಸಾಮಾನಿನ ಪಟ್ಟಿಯಲ್ಲೂ 6205 ಸಿ3 ಎಂದೇ ಬರೆಯಬೇಕು. ಹೊರ ರಿಂಗ್ ತಿರುಗುತ್ತದೆ ಎಂಬ ಒಂದು ಸಾಲು ಪಕ್ಕದಲ್ಲಿದ್ದರೆ, ರಿಪೇರಿಗೆ ಬಂದಾಗ ಯಾರೂ ಅದನ್ನು ತಿದ್ದಿ ಮತ್ತೆ ಎಚ್7 ಮಾಡುವುದಿಲ್ಲ.