ಜಾತ್ರೆಯ ಓಣಿಯಲ್ಲಿ ಗೋಡೆ ಒಡೆದಾಗ

ಮಕ್ಕಳಿಗೆ ರಕ್ತದ ಕಥೆ ಹೇಳುವವರ ಬಳಿ ಒಂದು ಸಿದ್ಧ ಅಚ್ಚು ಇರುತ್ತದೆ. ಒಂದೂರು, ಊರಲ್ಲಿ ಮೂವರು: ಕೆಂಪು ಕಣ, ಬಿಳಿ ಕಣ, ಪ್ಲೇಟ್ಲೆಟ್. ಯಾರು ದೊಡ್ಡವರು ಅಂತ ಜಗಳ, ಅಷ್ಟರಲ್ಲೊಂದು ಗಾಯ, ಆಮೇಲೆ ರಾಜಿ, ಕೊನೆಗೊಂದು ನೀತಿ. ಮೂವರನ್ನು ತೆಗೆದು ಆ ಜಾಗದಲ್ಲಿ ಬದನೆ, ಹೀರೆ, ಸೌತೆ ಕೂರಿಸಿದರೂ ಕಥೆ ಹಾಗೇ ನಡೆಯುತ್ತದೆ. ರಕ್ತದ ಗುಣ ಒಂದಿಷ್ಟೂ ಸೇರದ ರಕ್ತದ ಕಥೆ ಅದು. ಜಪಾನಿನ ಅಕಾನೆ ಶಿಮಿಜು 2015ರಲ್ಲಿ ಶುರುಮಾಡಿದ ಚಿತ್ರಕಥೆಯಲ್ಲಿ ಕೆಂಪು ಕಣ ಪಾರ್ಸೆಲ್ ಹಂಚುವ ಹುಡುಗಿ, ಪ್ಲೇಟ್ಲೆಟ್‌ಗಳು ಪುಟ್ಟ ಮಕ್ಕಳು. ಅಲ್ಲಿ ಪ್ರತಿ ಪಾತ್ರಕ್ಕೂ ಅದರದೇ ಕೆಲಸವಿದೆ. ಆ ಕೆಲಸದಿಂದಲೇ ಕಥೆ ಹುಟ್ಟುತ್ತದೆ.

ನಮ್ಮ ಮಕ್ಕಳಿಗೆ ಇಂಥ ಕಥೆಯನ್ನು ಎಲ್ಲಿ ನಡೆಸಬೇಕು ಎಂದು ಯೋಚಿಸಿದರೆ ನನಗೆ ಕಾಣುವುದು ಜತ್ತ ತಾಲ್ಲೂಕಿನ ಗುಡ್ಡಾಪುರ. ಸಾಂಗ್ಲಿ ಜಿಲ್ಲೆಯ ಈ ಕನ್ನಡ ಸೀಮೆಯ ಮಕ್ಕಳು ದಾನಮ್ಮದೇವಿಯ ಛಟ್ಟಿ ಅಮಾವಾಸ್ಯೆಯ ಜಾತ್ರೆಯನ್ನು ಬಲ್ಲರು; ಮಂದಿಯ ನೂಕಾಟದಲ್ಲಿ ಸಣ್ಣವರು ಎಲ್ಲಿ ಹೋಗಿ ಬೀಳುತ್ತಾರೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರಕ್ತನಾಳವನ್ನು ಆ ದಿನದ ಓಣಿ ಎಂದುಕೊಳ್ಳಿ. ಕಥೆಗೆ ಬೇಕಾದ ಮುಖ್ಯ ಸಂಗತಿ ಅಲ್ಲೇ ಸಿಗುತ್ತದೆ.

ಮೊದಲು ಪಾತ್ರಗಳ ಎಣಿಕೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣ, ಒಂದೂವರೆಯಿಂದ ನಾಲ್ಕು ಲಕ್ಷ ಪ್ಲೇಟ್ಲೆಟ್, ನಾಲ್ಕರಿಂದ ಹನ್ನೊಂದು ಸಾವಿರ ಬಿಳಿ ಕಣ. ಅಂದರೆ ಒಬ್ಬ ಬಿಳಿಯನಿಗೆ ಮೂವತ್ತು ನಲವತ್ತು ಪ್ಲೇಟ್ಲೆಟ್, ಏಳುನೂರರಷ್ಟು ಕೆಂಪು. ಮೂವರು ಗೆಳೆಯರ ಕಥೆ ಇಲ್ಲೇ ಮುರಿದುಬೀಳುತ್ತದೆ. ಇದು ಒಂದು ದೊಡ್ಡ ಗದ್ದಲ, ಅದರ ನಡುವೆ ಸಣ್ಣವರ ದಂಡು, ಅಲ್ಲೊಬ್ಬ ಇಲ್ಲೊಬ್ಬ ಕಾವಲುಗಾರ. ಕೆಂಪು ಕಣಕ್ಕೆ ಕಾಲಿಲ್ಲ, ಸ್ವಂತ ಇಚ್ಛೆಯಿಲ್ಲ. ಹೃದಯ ನೂಕಿದತ್ತ ಹೋಗಬೇಕು, ಹಿಂದೆ ತಿರುಗುವಂತಿಲ್ಲ. ಕೆಂಪಣ್ಣ ಗೆಳೆಯನ ಕೂಗು ಕೇಳಿ ಓಡಿ ವಾಪಸ್ ಬಂದ ಅಂತ ಬರೆದರೆ ಸುಳ್ಳಾಗುತ್ತದೆ. ಇಂಥ ಕಟ್ಟುಪಾಡು ಕಥೆಗಾರನಿಗೆ ತೊಡಕಲ್ಲ, ಉಪಕಾರ.

ಹೀಗೆ ಶುರುಮಾಡಬಹುದು:

“ಓಣಿ ತುಂಬ ಮಂದಿ. ನಟ್ಟನಡುವ ಕೆಂಪು ರುಮಾಲಿನ ಹಮಾಲರು, ಬೆನ್ನ ಮ್ಯಾಲ ಗಾಳಿಯ ಗಂಟು. ಅವರು ನಿಲ್ಲಂಗಿಲ್ಲ, ಹೊಳ್ಳಿ ನೋಡಂಗಿಲ್ಲ. ‘ಸರೀರಿ ತಮ್ಮಾ, ಗ್ವಾಡಿ ಕಡೆ ಸರೀರಿ!’ ಅಂತ ಒದರಕೋತ ಹೊಂಟಾರ. ಸಣ್ಣ ಹುಡುಗರೆಲ್ಲ ಗ್ವಾಡಿಗೆ ಒತ್ತಿ ನಿಂತು, ‘ಯಣ್ಣಾ, ನಮಗೂ ನಡುವ ಜಾಗಾ ಕೊಡೋ’ ಅಂತ ಗೊಣಗತಾವು.”

ಇದು ಬರೀ ತಮಾಷೆಯ ಚಿತ್ರವಲ್ಲ. ಹರಿಯುವ ರಕ್ತದಲ್ಲಿ ಬಾಗುವ ಮೈಯ ಕೆಂಪು ಕಣಗಳು ನಾಳದ ನಡುಭಾಗಕ್ಕೆ ಸರಿಯುತ್ತವೆ. ಅವುಗಳ ತಳ್ಳಾಟಕ್ಕೆ ಪುಟ್ಟ ಪ್ಲೇಟ್ಲೆಟ್‌ಗಳು ಗೋಡೆಯಂಚಿಗೆ ಬರುತ್ತವೆ. ಗೋಡೆ ಒಡೆದರೆ ಮುಚ್ಚಬೇಕಾದವರು ಗೋಡೆಯ ಪಕ್ಕದಲ್ಲೇ ಇರುವಂತೆ ಮಾಡುವವರು ಈ ಹಮಾಲರೇ. ರಕ್ತಹೀನತೆ ಹೆಚ್ಚಿರುವವರಲ್ಲಿ ಪ್ಲೇಟ್ಲೆಟ್ ಸಂಖ್ಯೆ ಸರಿಯಿದ್ದರೂ ಗಾಯದ ರಕ್ತ ನಿಲ್ಲಲು ಹೆಚ್ಚು ಹೊತ್ತು ಹಿಡಿಯಬಹುದು; ನೂಕುವವರು ಕಡಿಮೆಯಾಗಿರುವುದು ಅದಕ್ಕೊಂದು ಕಾರಣ. ಮಾತುಕತೆ, ಒಪ್ಪಂದ ಯಾವುದೂ ಇಲ್ಲದೆ ನಡೆಯುವ ಕೂಡು ಕೆಲಸ ಇದು. ಕಥೆಯ ಮೊದಲಲ್ಲಿ ಗೊಣಗಿದ ಹುಡುಗರಿಗೆ ತಮ್ಮನ್ನು ಅಲ್ಲಿಗೆ ಯಾಕೆ ನೂಕಿದರು ಎಂಬುದು ನಡುವಿನಲ್ಲಿ ತಾನಾಗಿ ತಿಳಿಯಬೇಕು.

ಇನ್ನು ಗೋಡೆ ಒಡೆಯುವ ಮುಳ್ಳು. ಅದೇ ಸೀಮೆಯ ಮಾಡಗ್ಯಾಳದ ಕಡೆ ಕುರಿ ಮೇಯಿಸುವ ಹುಡುಗನ ಅಂಗಾಲಿಗೆ ಜಾಲಿಮುಳ್ಳು ನಾಟುತ್ತದೆ. ಹುಡುಗ ಕಿತ್ತು ಎಸೆಯುತ್ತಾನೆ, ತುದಿ ಒಳಗೇ ಮುರಿದು ಉಳಿಯುತ್ತದೆ. ಒಳಗಿನ ಓಣಿಯಲ್ಲಿ ಗೋಡೆ ಒಡೆದು ಹಮಾಲರು ಹೊರಗೆ ಚೆಲ್ಲಿಹೋಗುತ್ತಾರೆ. ಮೊದಲು ಓಣಿಯೇ ಮೈ ಕುಗ್ಗಿಸಿ ಕಿರಿದಾಗುತ್ತದೆ. ಒಡೆದ ಗೋಡೆಯೊಳಗಿನ ನಾರು ತಾಗಿದ್ದೇ ತಡ, ನುಣುಪು ಬಿಲ್ಲೆಯಂತಿದ್ದ ಪ್ಲೇಟ್ಲೆಟ್ ಮೈತುಂಬ ಮುಳ್ಳೆದ್ದು ಅಂಟಿಕೊಳ್ಳುತ್ತದೆ, ತನ್ನ ಚೀಲ ಬಿಚ್ಚಿ ರಾಸಾಯನಿಕ ಚೆಲ್ಲುತ್ತದೆ. ಅದೇ ಕೂಗು. ಕೇಳಿದ ಇನ್ನಷ್ಟು ಹುಡುಗರು ಬಂದು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆದರೆ ಹುಡುಗರ ರಾಶಿ ಹೆಚ್ಚು ಹೊತ್ತು ತಡೆಯಲಾರದು. ರಕ್ತದ ನೀರಿನಲ್ಲಿ ಕರಗಿಕೊಂಡೇ ಇದ್ದ ಫೈಬ್ರಿನೋಜೆನ್ ಎಂಬ ಪ್ರೋಟೀನು ಈಗ ದಾರವಾಗಿ ಬಲೆ ಹೆಣೆಯುತ್ತದೆ. ಆ ಬಲೆಯಲ್ಲಿ ಹಾದುಹೋಗುತ್ತಿದ್ದ ಹಮಾಲರೂ ಸಿಕ್ಕಿಬೀಳುತ್ತಾರೆ. ಸಣ್ಣ ಗಾಯವಾದರೆ ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ.

ಕಥೆ ಹೇಳಿಯಾದ ಮೇಲೆ ಮಕ್ಕಳನ್ನು ಒಂದೇ ಪ್ರಶ್ನೆ ಕೇಳಿ: ಗಾಯದ ಮೇಲಿನ ಹೊಪ್ಪಳೆ ಯಾಕೆ ಕಂದುಗೆಂಪು? “ಹಮಾಲ ಕಾಕಾ ಬಲಿಯೊಳಗ ಸಿಕ್ಕಾನಲ್ರೀ” ಎಂಬ ಉತ್ತರ ಬಂದರೆ ಕಥೆ ಒಳಗಿಳಿದಿದೆ. ಪ್ಲೇಟ್ಲೆಟ್ ಒಳ್ಳೆಯದು, ಒಗ್ಗಟ್ಟು ಒಳ್ಳೆಯದು ಎಂಬ ಉತ್ತರ ಬಂದರೆ ಮತ್ತೆ ಬರೆಯಬೇಕು.

ಬಿಳಿಯರ ಪ್ರವೇಶದಲ್ಲಿ ಬಹಳ ಕಥೆಗಾರರು ಎಡವುತ್ತಾರೆ. ಗಾಯವಾದ ಕ್ಷಣಕ್ಕೇ ಸೈನ್ಯ ತಂದು ನಿಲ್ಲಿಸುತ್ತಾರೆ. ನಿಜದಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿ ಸೇರಲು ಗಂಟೆಗಳು ಬೇಕು. ಪ್ಲೇಟ್ಲೆಟ್‌ಗಳ ಕೂಗೂ, ಗಾಯಗೊಂಡ ಜೀವಕೋಶಗಳ ಕೂಗೂ ಅವರನ್ನು ಕರೆಯುತ್ತವೆ. ಓಣಿಯ ಗೋಡೆಗೆ ಉರುಳುತ್ತ ಬಂದು, ನಿಂತು, ಗೋಡೆಯ ಸಂದಿನಲ್ಲಿ ಮೈ ಹಿಂಡಿಕೊಂಡು ಹೊರಗೆ ನುಸುಳುತ್ತಾರೆ. ಇದು ಹಮಾಲರಿಗೆ ಬಾರದ ವಿದ್ಯೆ. ನುಸುಳಿದವರು ಸೂಕ್ಷ್ಮಾಣುಗಳನ್ನು ನುಂಗಿ, ಕೆಲಸ ಮುಗಿಸಿ ಅಲ್ಲೇ ಸಾಯುತ್ತಾರೆ. ಕೀವು ಎಂದರೆ ಬಹುಪಾಲು ಅವರ ಹೆಣ. ಮಕ್ಕಳಿಗೆ ಇದನ್ನು ಹೇಳಬಾರದು ಎನ್ನುವವರಿದ್ದಾರೆ. ಮಕ್ಕಳು ಕೀವನ್ನು ನಮಗಿಂತ ಹೆಚ್ಚು ನೋಡಿರುತ್ತಾರೆ, ಹೇಳಿ.

ಇಂಥ ದೃಶ್ಯವನ್ನು ವಿಜ್ಞಾನಿಯೊಬ್ಬರು ಕಂಡದ್ದೂ ಒಂದು ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್, ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ, ನಕ್ಷತ್ರಮೀನಿನ ಪಾರದರ್ಶಕ ಮರಿಗೆ ತೋಟದ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಅಲೆಮಾರಿ ಕೋಶಗಳು ಮುಳ್ಳಿನ ಸುತ್ತ ಮುತ್ತಿದ್ದವು. 1908ರ ನೊಬೆಲ್ ಅವರಿಗೂ ಪಾಲ್ ಎರ್ಲಿಕ್ ಅವರಿಗೂ ಬಂತು. ಕಥೆಯಲ್ಲಿ ಮೆಚ್ನಿಕಾಫರನ್ನು ತರಬೇಕಿಲ್ಲ. ಮುಳ್ಳಿನ ಸುತ್ತ ಬಿಳಿಯರು ರಾತ್ರಿಯಿಡೀ ಕೂತದ್ದನ್ನು ತಂದರೆ ಸಾಕು.

ಅವರು ಕೂತರೂ ಮುಳ್ಳಿನ ತುದಿಯನ್ನು ನುಂಗಲಾರರು. ಅದು ಅವರ ಬಾಯಿಗೆ ದೊಡ್ಡದು. ಬೆಳಿಗ್ಗೆ ಹುಡುಗನ ಪಾದ ಊದಿ, ಮುಟ್ಟಿದರೆ ಬಿಸಿ, ಹೆಜ್ಜೆ ಊರಿದರೆ ನೋವು. ಇಲ್ಲಿ ಕಥೆ ಒಳಗಿನ ಓಣಿಯಿಂದ ಹೊರಬಂದು ಹುಡುಗನ ಅವ್ವನ ಬಳಿ ಹೋಗಬೇಕು: “ಏನಾಗೇತಿ ತೋರ್ಸಪ್ಪಾ, ಯಾಕ ಕುಂಟಾಕತ್ತಿ?” ದವಾಖಾನೆಯಲ್ಲಿ ತುದಿ ಹೊರಬರುತ್ತದೆ, ಗಾಯ ತೊಳೆಯುತ್ತಾರೆ. ಓಣಿಯವರೇ ಎಲ್ಲವನ್ನೂ ಗೆದ್ದರು ಎಂದು ಮುಗಿಸಿದರೆ ಕೇಳಿದ ಮಗು ನಾಳೆ ತನ್ನ ಗಾಯವನ್ನೂ ಬಚ್ಚಿಡುತ್ತದೆ.

ಕುರಿ, ದನ ಓಡಾಡುವ ಮಣ್ಣಿನಲ್ಲಿ ಧನುರ್ವಾಯುವಿನ ಸೂಕ್ಷ್ಮಾಣು ಇರುತ್ತದೆ. ಅದು ಉಗುಳುವ ವಿಷವನ್ನು, ಲಸಿಕೆಯ ನೆರವಿಲ್ಲದೆ, ನಮ್ಮ ಬಿಳಿಯರು ತಡೆಯಲಾರರು. ಆದ್ದರಿಂದ ಕಥೆ ಹೇಳುವ ಗುರುಗಳಲ್ಲಿ, ತಾಯಂದಿರಲ್ಲಿ ನನ್ನದೊಂದು ಕೇಳಿಕೆ: ನೀತಿವಾಕ್ಯದ ಜಾಗದಲ್ಲಿ ಲಸಿಕೆಯ ಮಾತಿರಲಿ. 10 ಮತ್ತು 16ನೇ ವಯಸ್ಸಿಗೆ ಸರ್ಕಾರ ಉಚಿತವಾಗಿ ಹಾಕುವ ಟಿಡಿ ಇಂಜೆಕ್ಷನ್ ಆಗಿದೆಯೇ ಎಂದು ಮಗುವಿನ ಕಾರ್ಡ್ ತೆಗೆದು ನೋಡಿ.