ಹಿಡಕಲ್ ಜಲಾಶಯವೂ ಒಂದೂವರೆಯ ಅನುಪಾತವೂ

ಹುಕ್ಕೇರಿ ತಾಲ್ಲೂಕಿನಲ್ಲಿ ಒಂದು ಅಪರೂಪದ ಸಂಸ್ಥೆ ಇದೆ. ರಾಜ್ಯದ ಉಳಿದೆಡೆ ಸರ್ಕಾರಿ ಕಂಪನಿಗಳು ಮನೆಮನೆಗೆ ವಿದ್ಯುತ್ ಕೊಡುತ್ತಿದ್ದರೆ ಇಲ್ಲಿ ಆ ಕೆಲಸವನ್ನು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮಾಡುತ್ತದೆ. 1969ರಲ್ಲಿ ಸಹಕಾರಿ ಧುರೀಣ ಅಪ್ಪಣಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ ಈ ಸಂಘಕ್ಕೆ ರೈತರೇ ಸದಸ್ಯರು. ಅದೇ ತಾಲ್ಲೂಕಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ನಿಂತಿರುವ ಹಿಡಕಲ್ ಜಲಾಶಯವನ್ನು ಮಾತ್ರ ಯಾವ ಸಂಘವೂ ಕಟ್ಟಲಿಲ್ಲ. ಅದನ್ನು ಸರ್ಕಾರವೇ ಕಟ್ಟಬೇಕಾಯಿತು. ಬಂಡವಾಳದ ಗಾತ್ರ ಇದಕ್ಕೆ ಒಂದು ಕಾರಣ ನಿಜ. ಆದರೆ ಹಣ ಕೂಡಿಸಲು ಸಾಧ್ಯವಿದ್ದರೂ ಸಂಘಕ್ಕೆ ಅದನ್ನು ನಡೆಸಲಾಗುತ್ತಿರಲಿಲ್ಲ.

ವಿದ್ಯುತ್ತಿಗೆ ಮೀಟರ್ ಇದೆ. ಬಿಲ್ ಕಟ್ಟದವನ ಫ್ಯೂಜ್ ಕಿತ್ತರೆ ಅವನ ಮನೆ ಮಾತ್ರ ಕತ್ತಲಾಗುತ್ತದೆ, ಆದ್ದರಿಂದ ಸದಸ್ಯರಿಂದ ಹಣ ವಸೂಲಾಗುತ್ತದೆ, ಸಂಘ ಬದುಕುತ್ತದೆ. ಅದೇ ಕಂಬದ ಮೇಲಿನ ಬೀದಿದೀಪವನ್ನು ನೋಡಿ. ಅದರ ಬೆಳಕಿನಲ್ಲಿ ನಡೆಯುವವರಲ್ಲಿ ಹಣ ಕೊಟ್ಟವನಾರು, ಕೊಡದವನಾರು ಎಂದು ಬೇರ್ಪಡಿಸಲಾಗದು. ಒಬ್ಬ ಹೆಚ್ಚಾಗಿ ನಡೆದರೆ ಇನ್ನೊಬ್ಬನಿಗೆ ಬೆಳಕು ಕಡಿಮೆಯಾಗುವುದೂ ಇಲ್ಲ. ಹೀಗಾಗಿ ಪ್ರತಿಯೊಬ್ಬನೂ ಪಕ್ಕದವನು ಕೊಡಲಿ ಎಂದು ಕಾಯುತ್ತಾನೆ. ಕೊನೆಗೆ ಬಿಲ್ ಗ್ರಾಮ ಪಂಚಾಯಿತಿಗೆ ಹೋಗುತ್ತದೆ. ಅರ್ಥಶಾಸ್ತ್ರ ಹೇಳುವ ಸಾರ್ವಜನಿಕ ಸರಕು, ಪುಕ್ಕಟೆ ಫಲಾನುಭವಿಯ ಸಮಸ್ಯೆ ಎರಡೂ ಈ ಒಂದೇ ಕಂಬದಲ್ಲಿ ಕಾಣುತ್ತವೆ.

ಜಲಾಶಯ ಮೀಟರ್ ಇರುವ ವಿದ್ಯುತ್ತಿಗೂ ಬೀದಿದೀಪಕ್ಕೂ ನಡುವೆ ನಿಲ್ಲುತ್ತದೆ. ಕಾಲುವೆಯ ನೀರು ಬೀದಿದೀಪದ ಬೆಳಕಿನಂತಲ್ಲ. ಮೇಲ್ಭಾಗದವನು ಎತ್ತಿಕೊಂಡಷ್ಟು ಕೊನೆಯವನಿಗೆ ಕಡಿಮೆಯಾಗುತ್ತದೆ. ಆದರೆ ಹತ್ತಾರು ಕಿಲೋಮೀಟರ್ ತೆರೆದ ಕಾಲುವೆಯ ಪ್ರತಿ ಹೊಲದ ಮುಂದೆ ಮೀಟರ್ ಇಟ್ಟು ಕಾಯಲು ಆಗದು. ದಂಡೆಯ ಮೇಲೆ ಪಂಪ್‌ಸೆಟ್ ಇಟ್ಟವನನ್ನು ತಡೆಯುವ ಖರ್ಚು, ಅವನಿಂದ ಬರುವ ನೀರಿನ ಕರಕ್ಕಿಂತ ಹೆಚ್ಚಾಗುತ್ತದೆ. ಇನ್ನು ಪ್ರವಾಹ ತಡೆಯುವುದು ಪೂರ್ತಿ ಸಾರ್ವಜನಿಕ ಸರಕು. ಗೋಕಾಕ ಊರನ್ನು ನೆರೆಯಿಂದ ಉಳಿಸಿದರೆ ಎಲ್ಲರನ್ನೂ ಉಳಿಸಿದಂತೆ, ಒಂದು ಮನೆಯನ್ನು ಬಿಟ್ಟು ಉಳಿಸಲು ಬಾರದು.

ಮಾರುಕಟ್ಟೆ ಬೆಲೆ ಹೇಳದ ಜಾಗದಲ್ಲಿ ಸರ್ಕಾರ ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸಲು ಏನಾದರೊಂದು ಅಳತೆ ಬೇಕಲ್ಲ. ಮೊದಲು ನೋಡುತ್ತಿದ್ದುದು ನೀರಿನ ಕರದಿಂದ ಸರ್ಕಾರಕ್ಕೆ ಎಷ್ಟು ಶೇಕಡಾ ಆದಾಯ ಎಂಬುದನ್ನು. 1964ರಲ್ಲಿ ನಮ್ಮದೇ ಎಸ್. ನಿಜಲಿಂಗಪ್ಪನವರ ಅಧ್ಯಕ್ಷತೆಯ ಸಮಿತಿ ಈ ಅಳತೆಯನ್ನು ಬದಲಿಸಲು ಶಿಫಾರಸು ಮಾಡಿತು. ಖಜಾನೆಗೆ ಬಂದದ್ದನ್ನಷ್ಟೇ ಅಲ್ಲ, ಸಮಾಜಕ್ಕೆ ಆದ ಲಾಭವನ್ನು ಎಣಿಸಿ, ಅದು ವೆಚ್ಚದ ಒಂದೂವರೆ ಪಟ್ಟು ಇದ್ದರೆ ಕೈಗೆತ್ತಿಕೊಳ್ಳಿ ಎಂಬುದು ಅದರ ಸಾರ. ಇದು ದೊಡ್ಡ ಮುನ್ನಡೆ. ರೈತನ ಹೊಲದಲ್ಲಿ ಬೆಳೆದ ಜೋಳ, ಗೋವಿನಜೋಳ ಖಜಾನೆಯ ಪುಸ್ತಕದಲ್ಲಿ ಕಾಣದಿದ್ದರೂ ಅದು ದೇಶದ ಗಳಿಕೆಯೇ. ಆ ಸಮಿತಿಯ ಮೂಲ ವಿಚಾರವನ್ನು ನಾನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಲೆಕ್ಕ ಹಾಕಿದ ರೀತಿಯ ಬಗ್ಗೆ.

ಲೆಕ್ಕ ಹೀಗೆ ಸಾಗುತ್ತದೆ. ನೀರಾವರಿಗೆ ಮುಂಚೆ ಆ ಜಮೀನಿನ ಬೆಳೆಯ ಒಟ್ಟು ಮೌಲ್ಯದಿಂದ ಬೀಜ, ಗೊಬ್ಬರ, ಕೂಲಿ ಮುಂತಾದವನ್ನು ಕಳೆಯುತ್ತಾರೆ. ನೀರಾವರಿಯ ನಂತರ ನಿರೀಕ್ಷಿಸಿದ ಬೆಳೆಗೂ ಹಾಗೆಯೇ ಮಾಡುತ್ತಾರೆ. ಎರಡರ ವ್ಯತ್ಯಾಸವೇ ವಾರ್ಷಿಕ ಲಾಭ. ವೆಚ್ಚದ ಕಡೆ ಬಂಡವಾಳದ ಮೇಲೆ ಶೇ. 10 ಬಡ್ಡಿ, ಶೇ. 1 ಸವಕಳಿ, ಜೊತೆಗೆ ನಿರ್ವಹಣೆ. ಲಾಭವನ್ನು ವೆಚ್ಚದಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ.

ಒಂದು ಕಾಲ್ಪನಿಕ ಯೋಜನೆಯನ್ನು ತೆಗೆದುಕೊಳ್ಳೋಣ. ಬಂಡವಾಳ 100 ಕೋಟಿ. ಬಡ್ಡಿ, ಸವಕಳಿ, ನಿರ್ವಹಣೆ ಸೇರಿ ವರ್ಷಕ್ಕೆ 11.5 ಕೋಟಿ. ಹೆಚ್ಚುವರಿ ಬೆಳೆ 18 ಕೋಟಿ. ಅನುಪಾತ 1.57, ಯೋಜನೆ ಪಾಸು. ಈ ಲೆಕ್ಕದಲ್ಲಿ ಕಾಲವೇ ಇಲ್ಲ ಎಂಬುದನ್ನು ಗಮನಿಸಿ. ಅಣೆಕಟ್ಟು ಇಂದು ಮುಗಿದು ನಾಳೆಯೇ ಕೊನೆಯ ಹೊಲಕ್ಕೂ ನೀರು ತಲುಪಿತು ಎಂದು ಅದು ಭಾವಿಸುತ್ತದೆ. ಕಾಮಗಾರಿ 15 ವರ್ಷ ಎಳೆಯಿತು, ಹಣ ಸಮನಾಗಿ ಹಂಚಿ ಖರ್ಚಾಯಿತು, ದರ ಒಂದು ರೂಪಾಯಿಯೂ ಏರಲಿಲ್ಲ, 16ನೇ ವರ್ಷದಿಂದ 50 ವರ್ಷ ಪೂರ್ಣ ಲಾಭ ಬಂತು ಎಂದೇ ಇಟ್ಟುಕೊಳ್ಳೋಣ. ಅದೇ ಶೇ. 10ರ ದರದಲ್ಲಿ ಎಲ್ಲವನ್ನೂ ಇಂದಿನ ಮೌಲ್ಯಕ್ಕೆ ಇಳಿಸಿದರೆ ವೆಚ್ಚ ಸುಮಾರು 51 ಕೋಟಿ. ವರ್ಷಕ್ಕೆ ಅರ್ಧ ಕೋಟಿ ನಿರ್ವಹಣೆ ಕಳೆದು ಉಳಿಯುವ ಲಾಭ ಸುಮಾರು 42 ಕೋಟಿ. ಅನುಪಾತ 0.8! ಒಂದೂವರೆ ದಾಟಿ ಪಾಸಾದ ಯೋಜನೆ ಒಂದನ್ನೂ ಮುಟ್ಟಲಿಲ್ಲ.

ಘಟಪ್ರಭಾ ಯೋಜನೆಗೆ ಇದು ದೂರದ ಮಾತಲ್ಲ. 1897ರ ಧುಪದಾಳ ಅಣೆಯ ಎಡದಂಡೆ ಕಾಲುವೆಯನ್ನು ಮೊದಲ ಹಂತದಲ್ಲಿ ವಿಸ್ತರಿಸಲಾಯಿತು. ಬಳಿಕ ಹಿಡಕಲ್‌ನಲ್ಲಿ ನೀರು ಸಂಗ್ರಹ ಶುರುವಾಯಿತು. ಮೂರನೇ ಹಂತದಲ್ಲಿ ಜಲಾಶಯದ ಮಟ್ಟವನ್ನು 2,175 ಅಡಿಗೆ ಏರಿಸಿ, 51 ಟಿಎಂಸಿ ಸಂಗ್ರಹಿಸಿ, ಬಲದಂಡೆ ಮತ್ತು ಚಿಕ್ಕೋಡಿ ಕಾಲುವೆಗಳನ್ನು ತೋಡಬೇಕಾಗಿತ್ತು. ಅಣೆಕಟ್ಟು ನಿಂತ ಮೇಲೂ ಕಾಲುವೆಗಳ ಕೆಲಸ ದಶಕಗಟ್ಟಲೆ ನಡೆಯಿತು. 1983ರಲ್ಲಿ ನಿತಿನ್ ದೇಸಾಯಿ ಸಮಿತಿ ಕಾಲವನ್ನು ಎಣಿಸುವ ಆಂತರಿಕ ಪ್ರತಿಫಲ ದರವನ್ನು ಬಳಸಿ ಎಂದಿತು. ಸಾಮಾನ್ಯ ಪ್ರದೇಶಕ್ಕೆ ಶೇ. 9, ಬರಪೀಡಿತಕ್ಕೆ ಶೇ. 7. ಸರಿಯಾದ ಸಲಹೆ, ಆದರೂ ನೀರಾವರಿ ಕಡತಗಳಲ್ಲಿ ಹಳೆಯ ಅನುಪಾತದ ಆಳ್ವಿಕೆ ಮುಂದುವರಿಯಿತು.

ಎರಡನೇ ದೋಷ ಪುಕ್ಕಟೆ ಫಲಾನುಭವಿಯನ್ನು ಮರೆತದ್ದು. ಲೆಕ್ಕದ ಹಾಳೆ ಎಲ್ಲರಿಗೂ ನಿಗದಿಯಾದಷ್ಟೇ ನೀರು ಹೋಗುತ್ತದೆ ಎನ್ನುತ್ತದೆ. ಆದರೆ ಮೇಲ್ಭಾಗದ ಹೊಲಗಳಲ್ಲಿ ಕಬ್ಬು ನಿಂತರೆ ಕೆಳಗಿನ ತೂಬುಗಳು ಒಣಗುತ್ತವೆ. ಹಂಗಾಮಿನ ನಡುವೆ ಟೇಲ್ ಎಂಡ್‌ನ ತೂಬಿನ ಬಾಯಲ್ಲಿ ಹುಲ್ಲು ಬೆಳೆದಿದ್ದರೆ ಅನುಪಾತದ ಅಂಶಭಾಗ ಸುಳ್ಳಾಗಿದೆ ಎಂದೇ ಅರ್ಥ. ಪಕ್ಕದ ಮಲಪ್ರಭೆಯಲ್ಲಿ ಇದು ರಕ್ತ ಹರಿಸಿತು. ಕಾಗದದ ಲಾಭವನ್ನು ನಂಬಿದ ಸರ್ಕಾರ ನೀರು ಬಾರದ ರೈತರಿಂದಲೂ ಅಭಿವೃದ್ಧಿ ಕರ ಕೇಳಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ರೈತ ಬಂಡಾಯ ರಾಜ್ಯಕ್ಕೇ ಗೊತ್ತು.

ಮೂರನೆಯದು ನೆರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಸೀಮೆಯ ಊರುಗಳು ಮುಳುಗಿದವು. ಜಲಾಶಯದಲ್ಲಿ ಮಳೆಗಾಲದ ನಡುವೆ ಜಾಗ ಖಾಲಿ ಬಿಟ್ಟರೆ ಕೆಳಗಿನ ಊರಿಗೆ ರಕ್ಷಣೆ, ಮಳೆ ಕೈಕೊಟ್ಟರೆ ಕಾಲುವೆಯ ರೈತನಿಗೆ ನಷ್ಟ. ಕಬ್ಬಿಗೆ ದರವಿದೆ, ತಪ್ಪಿದ ನೆರೆಗೆ ದರವಿಲ್ಲ. ದರವಿಲ್ಲದ್ದು ಹಾಳೆಯಲ್ಲಿ ಸೋಲುತ್ತದೆ. ತಪ್ಪುವ ವಾರ್ಷಿಕ ಸರಾಸರಿ ನೆರೆಹಾನಿಯನ್ನು ಅಂದಾಜಿಸಿ ಲಾಭದ ಸಾಲಿಗೆ ಸೇರಿಸುವ ವಿಧಾನ ಇದ್ದೇ ಇದೆ. ಪ್ರತಿ ಮುಂಗಾರಿನ ಜಲಾಶಯ ನಿರ್ವಹಣೆಯಲ್ಲೂ ಅದನ್ನು ಬಳಸಬೇಕು.

ಹೀಗೆಂದು ವೆಚ್ಚ-ಲಾಭದ ಲೆಕ್ಕವನ್ನೇ ಬಿಸಾಡಿ ಎನ್ನಲಾರೆ. ಅದಿಲ್ಲದಿದ್ದರೆ ಯಾರ ಕೈ ಮೇಲಾಗುತ್ತದೋ ಅವರ ಕ್ಷೇತ್ರದಲ್ಲಿ ಅಣೆಕಟ್ಟು ಎದ್ದೀತು. ಆದರೆ ಮಂಜೂರಾತಿಯ ದಿನಕ್ಕಷ್ಟೇ ಬಳಸುವ ಲೆಕ್ಕ ಅರ್ಧ ಲೆಕ್ಕ. ಹತ್ತು ವರ್ಷಕ್ಕೊಮ್ಮೆ ಪ್ರತಿ ವಿತರಣಾ ಕಾಲುವೆಗೂ ನಿಜವಾಗಿ ನೀರು ಪಡೆದ ಎಕರೆ, ನಿಜವಾಗಿ ಬೆಳೆದ ಬೆಳೆ, ನಿಜವಾಗಿ ಆದ ಖರ್ಚು ಇಟ್ಟು ಅನುಪಾತವನ್ನು ಮತ್ತೆ ಹಾಕಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಆ ಹಾಳೆಯನ್ನು ಕೇಳಿ ಪಡೆಯುವ ಕೆಲಸವನ್ನು ಘಟಪ್ರಭಾ ಅಚ್ಚುಕಟ್ಟಿನ ನೀರು ಬಳಕೆದಾರರ ಸಹಕಾರ ಸಂಘಗಳು ಈ ಹಂಗಾಮಿನಿಂದಲೇ ಶುರು ಮಾಡಬೇಕು.