ಮುರಿದುಕೊಳ್ಳುವ ಮುನ್ನ ಬಾಕಿಯ ಹುಟ್ಟು ತೋರಿಸಲಿ

‘ನಿಮ್ಮ ರೀಫಂಡನ್ನು ಹಳೆಯ ಬಾಕಿಗೆ ಹೊಂದಿಸಿಕೊಳ್ಳುತ್ತೇವೆ’ ಎಂದು ಆದಾಯ ತೆರಿಗೆ ಇಲಾಖೆಯ ಬೆಂಗಳೂರಿನ ಸಿಪಿಸಿಯಿಂದ ಇಮೇಲ್ ಬಂದರೆ ಸುತ್ತಲಿನವರು ಕೊಡುವ ಸಲಹೆ ಒಂದೇ: ಬಾಕಿ ಇಲ್ಲದೆ ಇಲಾಖೆ ಬರೆಯುತ್ತದೆಯೇ? ಮೊದಲು ನೋಟಿಸ್ ಬಂದಿರಲಿಲ್ಲವಾದರೆ ಈಗ ಬಂತಲ್ಲ, ಒಪ್ಪಿ ಮುಗಿಸಿ. ಈ ಸಲಹೆ ತಪ್ಪು. ಎರಡು ಬೇರೆ ಬೇರೆ ನೋಟಿಸುಗಳನ್ನು ಅದು ಒಂದೇ ಎಂದು ತಿಳಿದುಕೊಂಡಿದೆ.

1961ರ ಕಾಯ್ದೆಯ 156ನೇ ಕಲಂ ಪ್ರಕಾರ ಬರುವುದು ಬೇಡಿಕೆಯ ನೋಟಿಸ್. ಅದು ಕೈಸೇರಿದ ಮೇಲೆ ಕಟ್ಟಲು ಸಾಮಾನ್ಯವಾಗಿ 30 ದಿನ ಇರುತ್ತದೆ. 245ನೇ ಕಲಂ ಪ್ರಕಾರ ಬರುವುದು ರೀಫಂಡಿನಲ್ಲಿ ಮುರಿದುಕೊಳ್ಳುವ ಉದ್ದೇಶದ ಮುನ್ಸೂಚನೆ ಮಾತ್ರ. ಕಟ್ಟಬೇಕಾಗಿ ಉಳಿದ ಮೊತ್ತ ಮೊದಲೇ ಇದೆ ಎಂದು ಅದು ಭಾವಿಸಿಕೊಂಡು ಹೊರಡುತ್ತದೆ. ಅಂಥ ಮೊತ್ತವನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ.

ಇದು ಬರೀ ತಾಂತ್ರಿಕ ತಕರಾರಲ್ಲ ಎನ್ನುವುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಬ್ಬ ನಿವೃತ್ತ ಉಪನ್ಯಾಸಕಿ ಇದ್ದಾರೆ ಎಂದುಕೊಳ್ಳೋಣ. 2009–10ರ ಕರನಿರ್ಧಾರಣಾ ವರ್ಷಕ್ಕೆ ಸೇರಿದಂತೆ ಕಾಲೇಜು ಅವರ ಸಂಬಳದಲ್ಲಿ ಹಿಡಿದ ಟಿಡಿಎಸ್ ಇಲಾಖೆಯ ಲೆಕ್ಕಕ್ಕೆ ಸೇರಲಿಲ್ಲ. ಕಡತದಲ್ಲಿ 31,000 ರೂಪಾಯಿ ಬಾಕಿ ಎಂದು ಬರೆದುಕೊಂಡರು, ಅವರಿಗೆ ತಿಳಿಸಲಿಲ್ಲ. 2024ರಲ್ಲಿ ಸರ್ಕಾರ ಹಳೆಯ ಸಣ್ಣ ಬಾಕಿಗಳನ್ನು ಕೈಬಿಟ್ಟಾಗ 2010–11ರವರೆಗಿನ ಕರನಿರ್ಧಾರಣಾ ವರ್ಷಗಳಿಗೆ ಮಿತಿ 25,000 ರೂಪಾಯಿ ಇದ್ದುದರಿಂದ ಇವರದು ಉಳಿದುಕೊಂಡಿತು. 220(2)ನೇ ಕಲಮಿನ ಬಡ್ಡಿ ತಿಂಗಳಿಗೆ ಶೇಕಡಾ 1, ಅಂದರೆ 310 ರೂಪಾಯಿ. ಹನ್ನೆರಡು ವರ್ಷಕ್ಕೆ ಅದೇ 44,640 ಆಗುತ್ತದೆ. ಈ ವರ್ಷ ಬರಬೇಕಿದ್ದ 52,000 ರೂಪಾಯಿ ರೀಫಂಡ್ ಪೂರ್ತಿ ಹೋಗಿ, ಇನ್ನೂ 23,640 ಇವರ ತಲೆಯ ಮೇಲೆಯೇ ಉಳಿಯುತ್ತದೆ.

ಆದರೆ ಆ ಬಡ್ಡಿ ಓಡಲು ಶುರುವಾಗುವುದು ನೋಟಿಸ್ ಕೈಸೇರಿ ಗಡುವು ಮುಗಿದ ಮೇಲೆ. ಕೈಸೇರಿದ ದಿನಾಂಕವೇ ಇಲ್ಲದಿದ್ದರೆ ಬಡ್ಡಿಗೆ ಮೊದಲ ದಿನ ಎಲ್ಲಿಂದ ಬರಬೇಕು? ‘ಒಪ್ಪಿ ಮುಗಿಸಿ’ ಎನ್ನುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ದೆಹಲಿ ಹೈಕೋರ್ಟ್ ಈ ಪ್ರಶ್ನೆಯನ್ನು ಕೇಳಿತು. ಅಧಿಕಾರಿಗಳು ಹಳೆಯ ಕಡತಗಳ ಬಾಕಿಗಳನ್ನು ಕಂಪ್ಯೂಟರಿಗೆ ಏರಿಸಿ, ಅವುಗಳಿಗೆ ರೀಫಂಡುಗಳನ್ನು ಮುರಿದುಕೊಳ್ಳುತ್ತಿದ್ದ ದೂರನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡು 2013ರ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಮೊದಲೇ ತಿಳಿಸದೆ, ಉತ್ತರವನ್ನು ಪರಿಶೀಲಿಸದೆ ಹೊಂದಾಣಿಕೆ ಕೂಡದು. ಆದೇಶ ತಲುಪಿತ್ತೆಂದು ತೋರಿಸುವ ಹೊಣೆ ಇಲಾಖೆಯದು, ತೆರಿಗೆದಾರರದಲ್ಲ ಎಂದಿತು. ಹದಿನೈದು ವರ್ಷದ ಹಿಂದಿನ ಕಾಗದ ಬಂದಿಲ್ಲವೆಂದು ಯಾರೂ ರುಜುವಾತು ಮಾಡಲಾರರು. ಕಳಿಸಿದವರ ಬಳಿ ಮಾತ್ರ ರವಾನೆಯ ದಾಖಲೆ ಇರಲು ಸಾಧ್ಯ.

ಹಾಗಾದರೆ ಆಕ್ಷೇಪಿಸುವುದು ಹೇಗೆ? ಪೋರ್ಟಲಿನ Pending Actions ಅಡಿಯಲ್ಲಿ Response to Outstanding Demand ಇದೆ. ಅಲ್ಲಿ Demand is correct ಎಂದು ಒತ್ತಿದರೆ ಆಮೇಲೆ ತಕರಾರು ತೆಗೆಯಲು ದಾರಿಯಿಲ್ಲ. ನೋಟಿಸಿನ ಗಡುವಿನೊಳಗೆ Disagree ಆರಿಸಿಕೊಳ್ಳಬೇಕು. ಸುಮ್ಮನಿದ್ದರೆ ಹೊಂದಾಣಿಕೆ ನಡೆದುಹೋಗುತ್ತದೆ. ‘ನೋಟಿಸ್ ಬಂದಿಲ್ಲ’ ಎಂಬ ಒಂದು ಸಾಲು ಸಾಲದು. ಆದೇಶದ ಪ್ರತಿ, ಬೇಡಿಕೆಯ ನೋಟಿಸ್, ಅದು ಯಾವ ವಿಳಾಸಕ್ಕೆ ಯಾವ ದಿನ ಹೋಯಿತು ಎಂಬ ಪುರಾವೆ, ಬಡ್ಡಿಯ ಲೆಕ್ಕ, ಈ ನಾಲ್ಕನ್ನೂ ಹೆಸರಿಸಿ ಕೇಳಬೇಕು. ಬಾಕಿಯನ್ನು ಏರಿಸಿದವರು ಕರನಿರ್ಧಾರಣಾ ಅಧಿಕಾರಿಯಾಗಿದ್ದರೆ ಸಿಪಿಸಿಯ ಬಳಿ ಕಡತವಿರುವುದಿಲ್ಲ. ಹಾಗಾಗಿ ಅದೇ ಪತ್ರವನ್ನು ಆ ಅಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು. ಉಪನ್ಯಾಸಕಿ ಅದರ ಜೊತೆಗೆ ಹಳೆಯ ಫಾರ್ಮ್ 16 ಇಟ್ಟು, ಹಿಡಿದ ತೆರಿಗೆಯನ್ನು ಮತ್ತೆ ತನ್ನಿಂದ ಕೇಳುವಂತಿಲ್ಲ ಎನ್ನುವ 205ನೇ ಕಲಮನ್ನೂ ಕಾಣಿಸಬೇಕು.

ಈ ವಾದಕ್ಕೆ ಮಿತಿಯಿದೆ. ಪ್ಯಾನ್ ದಾಖಲೆಯಲ್ಲಿದ್ದ ವಿಳಾಸಕ್ಕೋ ಕೊಟ್ಟಿದ್ದ ಇಮೇಲಿಗೋ ನೋಟಿಸ್ ಹೋಗಿದ್ದರೆ, ತೆರೆದು ನೋಡಲಿಲ್ಲ ಎಂಬುದು ಬಂದಿಲ್ಲ ಎಂದಾಗದು. 245ರ ಹೊಂದಾಣಿಕೆಯ ಮೇಲೆ ನೇರ ಮೇಲ್ಮನವಿಯೂ ಇಲ್ಲ; ಆಕ್ಷೇಪವನ್ನು ಪರಿಶೀಲಿಸದೆ ಮುರಿದುಕೊಂಡರೆ ಹೈಕೋರ್ಟಿಗೆ ರಿಟ್ ಹಾಕಬೇಕಾದೀತು. ಆ ಖರ್ಚು ಎಲ್ಲರಿಗೂ ಎಟುಕುವುದಿಲ್ಲ. ಗಡುವಿನೊಳಗಿನ ಉತ್ತರಕ್ಕೆ ಇಷ್ಟು ಬೆಲೆ ಇರುವುದು ಅದಕ್ಕೇ.

ಬೊಕ್ಕಸಕ್ಕೆ ಸಲ್ಲಬೇಕಾದುದು ಸಲ್ಲಲಿ, ಅದರಲ್ಲಿ ಎರಡು ಮಾತಿಲ್ಲ. ಸಲ್ಲಬೇಕು ಎಂದು ತೋರಿಸುವ ಕೆಲಸ ಮಾತ್ರ ಕೇಳುವವರದು. ಕಡತ ಸಿಗದಿದ್ದರೆ ಇಲಾಖೆ ಆ ಬಾಕಿಯನ್ನು ಪಟ್ಟಿಯಿಂದ ತೆಗೆದು, ರೀಫಂಡನ್ನು 244ಎ ಕಲಮಿನ ಬಡ್ಡಿಯೊಂದಿಗೆ ಕೊಡಬೇಕು.